ಸುದ್ದಿ ನಿಜ ಇರ್ಬೋದು, ಆದ್ರೆ ಎಷ್ಟು ವಿವರ ಹಾಕ್ಬೇಕು?

ಆತ್ಮಹತ್ಯೆ ಸುದ್ದೀಲಿ ವಿಧಾನ ಬರೀಬೇಡಿ, ಅತ್ಯಾಚಾರದ ಸುದ್ದೀಲಿ ಹೆಸರು ಹಾಕ್ಬೇಡಿ, ಮಕ್ಕಳ ಮುಂದೆ ಮೈಕ್ ಹಿಡಿದು ಬೈಟ್ ತಗೋಬೇಡಿ ಅಂತ ಹೇಳಿದ್ರೆ ಕೆಲವ್ರು ಇದೆಲ್ಲ ಈಗೀಗ ಶುರುವಾದ ಮಡಿವಂತಿಕೆ ಅಂದ್ಕೋತಾರೆ. ಹಾಗಲ್ಲ. ಒಂದೊಂದು ನಿಯಮದ ಹಿಂದೇನೂ ಯಾರಿಗೋ ಏಟು ಬಿದ್ದ ಕತೆ ಇದೆ, ಅದ್ರಲ್ಲಿ ಆತ್ಮಹತ್ಯೆದು ಎಲ್ಲಕ್ಕಿಂತ ಹಳೇದು.

1774ರಲ್ಲಿ ಜರ್ಮನ್ ಲೇಖಕ ಗಯಟೆ ಬರೆದ ವೆರ್ಟರ್ ಕಾದಂಬರಿ ಬಂದ್ಮೇಲೆ, ಅದನ್ನ ಓದಿ ಹುಡುಗ್ರು ಅದರ ನಾಯಕನ ಥರಾನೇ ಪ್ರಾಣ ಕಳ್ಕೋತಿದಾರೆ ಅನ್ನೋ ಭಯ ಎಷ್ಟಿತ್ತು ಅಂದ್ರೆ ಲೈಪ್‌ಜಿಗ್‌ನಲ್ಲಿ ಪುಸ್ತಕಾನೇ ಬ್ಯಾನ್ ಮಾಡಿದ್ರು. ಆದ್ರೆ ಅದು ಬರೀ ಭಯ, ಲೆಕ್ಕ ಯಾರೂ ಹಾಕಿರ್ಲಿಲ್ಲ. ಲೆಕ್ಕ ಹಾಕಿದ್ದು ಅಮೆರಿಕಾದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್, 1974ರಲ್ಲಿ. ಪೇಪರ್ ಮುಖಪುಟದಲ್ಲಿ ಆತ್ಮಹತ್ಯೆ ಸುದ್ದಿ ಬಂದ ಮೇಲೆ ಆತ್ಮಹತ್ಯೆಗಳ ಸಂಖ್ಯೆ ಏರುತ್ತಾ ಅಂತ ನೋಡಿದ್ರು, ಏರ್ತಿತ್ತು, ಅದೂ ಪ್ರಚಾರ ಎಷ್ಟು ಜಾಸ್ತಿಯೋ ಏರಿಕೇನೂ ಅಷ್ಟೇ ಜಾಸ್ತಿ, ಆ ಸುದ್ದಿ ಎಲ್ಲೆಲ್ಲಿ ಓದಿದ್ರೋ ಮುಖ್ಯವಾಗಿ ಅಲ್ಲಲ್ಲೇ. ವೆರ್ಟರ್ ಎಫೆಕ್ಟ್ ಅನ್ನೋ ಹೆಸರು ಕೊಟ್ಟಿದ್ದೂ ಅವರೇ.

ಆದ್ರೂ ಸಂಪಾದಕರು ನಂಬಲ್ಲ, ನಾವು ಬರೆಯದಿದ್ರೂ ಸಾಯೋರು ಸಾಯ್ತಾರೆ ಅಂತಾರೆ. ಆ ವಾದಕ್ಕೆ ಉತ್ತರ ಸಿಕ್ಕಿದ್ದು ವಿಯೆನ್ನಾದಲ್ಲಿ. ಅಲ್ಲಿ ಮೆಟ್ರೋ ಶುರುವಾಗಿದ್ದು 1978ರಲ್ಲಿ. ಮೊದಲ ವರ್ಷಗಳಲ್ಲಿ ಅಲ್ಲಿ ಆತ್ಮಹತ್ಯೆ ತೀರಾ ಕಮ್ಮಿ, 1984ರಿಂದ ಇದ್ದಕ್ಕಿದ್ದಂಗೆ ಏರೋಕೆ ಶುರು, ಪೇಪರ್‌ಗಳೂ ಒಂದೊಂದನ್ನೂ ದೊಡ್ಡ ಹೆಡ್‌ಲೈನ್ ಹಾಕಿ ನಾಟಕೀಯವಾಗಿ ಬರೀತಿದ್ವು. ಆತ್ಮಹತ್ಯೆ ತಡೆ ಕೆಲಸ ಮಾಡ್ತಿದ್ದ ಅಲ್ಲಿನ ತಜ್ಞರು ಒಂದು ಮಾರ್ಗಸೂಚಿ ಮಾಡಿ 1987ರ ಮಧ್ಯದಲ್ಲಿ ಪತ್ರಿಕೆಗಳ ಮುಂದಿಟ್ರು. ಸುದ್ದಿ ಮುಚ್ಚಿಡಿ ಅಂತಲ್ಲ ಅವರು ಹೇಳಿದ್ದು: ಮುಖಪುಟ ಬೇಡ, ಫೋಟೋ ಬೇಡ, ಹೇಗೆ ಮಾಡ್ಕೊಂಡ್ರು ಅನ್ನೋ ವಿವರ ಬೇಡ, ಒಂದೇ ಕಾರಣಕ್ಕೆ ಗಂಟು ಹಾಕಬೇಡಿ, ಸಹಾಯ ಎಲ್ಲಿ ಸಿಗುತ್ತೆ ಅಂತ ಹೇಳಿ. ಪತ್ರಿಕೆಗಳು ಒಪ್ಪಿದ್ವು, ಕೆಲವು ಬರೆಯೋದನ್ನೇ ಬಿಟ್ವು, ಕೆಲವು ಒಳಪುಟದಲ್ಲಿ ಸಿಂಗಲ್ ಕಾಲಂಗೆ ಇಳಿಸಿದ್ವು. ಅದೇ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದ್ರೆ ನಂತರದ ಆರು ತಿಂಗಳಲ್ಲಿ ಮೆಟ್ರೋದಲ್ಲಿ ಆತ್ಮಹತ್ಯೆ ಮತ್ತು ಆತ್ಮಹತ್ಯೆ ಯತ್ನ 80 ಪರ್ಸೆಂಟ್‌ಗಿಂತ ಜಾಸ್ತಿ ಇಳಿದ್ವು, ಮುಂದಿನ ವರ್ಷಗಳಲ್ಲೂ ಕೆಳಗೇ ಉಳಿದ್ವು. ಒಂದೇ ಊರು, ಸಂಖ್ಯೆಗಳೂ ಚಿಕ್ಕವು, ಹಾಗಾಗಿ ಇದನ್ನ ಗಣಿತದ ಪ್ರಮೇಯ ಥರ ತಗೋಳೋಕೆ ಆಗಲ್ಲ ನಿಜ. ಆದ್ರೆ ಮೆಟ್ರೋ ಅದೇ, ಪ್ಲಾಟ್‌ಫಾರ್ಮ್ ಅದೇ, ಬದಲಾಗಿದ್ದು ಪೇಪರ್.

ಹಾಗಂತ ಬರೆಯೋದೇ ತಪ್ಪಾ? ಇಲ್ಲ. ಇದಕ್ಕೆ ಎರಡು ಸಾವುಗಳನ್ನ ಪಕ್ಕಪಕ್ಕ ಇಟ್ಟು ನೋಡ್ಬೇಕು. 1994ರಲ್ಲಿ ಗಾಯಕ ಕರ್ಟ್ ಕೋಬೇನ್ ತೀರಿಕೊಂಡಾಗ ಸಿಯಾಟಲ್‌ನಲ್ಲಿ ಸುದ್ದಿ ಏನ್ ಕಮ್ಮಿ ಇರ್ಲಿಲ್ಲ, ಆದ್ರೆ ಅವರ ಸಂಗೀತವನ್ನೂ ಸಾವನ್ನೂ ಬೇರೆ ಬೇರೆ ಇಟ್ಟು ಬರೆದ್ರು, ಸಹಾಯವಾಣಿ ನಂಬರನ್ನ ಎಲ್ಲಾ ಕಡೆ ಕೊಟ್ರು. ಅಲ್ಲಿ ಆತ್ಮಹತ್ಯೆ ಏರಲಿಲ್ಲ, ಸಹಾಯವಾಣಿಗೆ ಬರೋ ಕರೆಗಳು ಮಾತ್ರ ಏರಿದ್ವು. 2014ರಲ್ಲಿ ನಟ ರಾಬಿನ್ ವಿಲಿಯಮ್ಸ್ ತೀರಿಕೊಂಡಾಗ ಪೊಲೀಸ್ ಇಲಾಖೆಯವರೇ ಲೈವ್ ಪ್ರೆಸ್‌ಮೀಟ್‌ನಲ್ಲಿ ಎಲ್ಲಾ ವಿವರ ಬಿಡಿಸಿ ಹೇಳಿದ್ರು, ಚಾನೆಲ್‌ಗಳು ಹಾಗೇ ಹರಿಬಿಟ್ವು. ಮುಂದಿನ ಐದು ತಿಂಗಳಲ್ಲಿ ಅಮೆರಿಕಾದಲ್ಲಿ ಆತ್ಮಹತ್ಯೆಗಳು ನಿರೀಕ್ಷೆಗಿಂತ ಸುಮಾರು 10 ಪರ್ಸೆಂಟ್ ಜಾಸ್ತಿ ಆದ್ವು ಅಂತ ನಂತರದ ಅಧ್ಯಯನ ತೋರಿಸ್ತು. ಅಧಿಕೃತವಾಗಿ ಹೇಳಿದ್ರು, ಅದಕ್ಕೇ ಹಾಕಿದ್ವಿ ಅನ್ನೋ ಸಮರ್ಥನೆ ಇಲ್ಲೇ ಮುರಿದುಬೀಳೋದು. ಅಧಿಕಾರಿ ಹೇಳಿದ ಅಂದ್ರೆ ಅದು ನಿಜ ಅಂತಷ್ಟೇ, ಪ್ರಸಾರ ಮಾಡಲೇಬೇಕು ಅಂತ ಅಲ್ಲ. ಸಹಾಯವಾಣಿ ಸಾಲೂ ಅಷ್ಟೇ, ಟೆಲಿ ಮಾನಸ್ 14416 ಅನ್ನೋದನ್ನ ಕೊನೇಲಿ ಅಂಟಿಸಿ ಮೇಲೆಲ್ಲ ವಿಧಾನ ಬರೆದಿದ್ರೆ ಅದು ಬರೀ ಶಾಸ್ತ್ರ ಮುಗಿಸಿದ ಹಾಗೆ.

ವಿಧಾನದ ವಿವರ ಓದೋರಿಗೆ ಅಪಾಯ, ಹೆಸರಿನ ವಿವರ ಬದುಕಿರೋರಿಗೇ ಅಪಾಯ. 1983ರಲ್ಲಿ ಫ್ಲೋರಿಡಾದ ಒಂದು ಪತ್ರಿಕೆಯ ಟ್ರೈನೀ ವರದಿಗಾರ ಪೊಲೀಸರು ಪ್ರೆಸ್‌ರೂಮಲ್ಲಿ ಇಟ್ಟಿದ್ದ ರಿಪೋರ್ಟನ್ನ ಹಾಗೇ ಕಾಪಿ ಮಾಡ್ಕೊಂಡ್ ಬಂದ, ಅದ್ರಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸಿನ ಪೂರ್ತಿ ಹೆಸರಿತ್ತು. ಹೆಸರು ಹಾಕಬಾರದು ಅನ್ನೋದು ಆ ಪತ್ರಿಕೆಯದ್ದೇ ನಿಯಮ, ಆದ್ರೂ ಪ್ರಿಂಟ್ ಆಯ್ತು. ಮತ್ತೆ ಅತ್ಯಾಚಾರ ಮಾಡ್ತೀನಿ ಅಂತ ಒಬ್ಬ ಆಕೆಯ ತಾಯಿಗೆ ಫೋನ್ ಮಾಡಿ ಬೆದರಿಸಿದ, ಆಕೆ ಫೋನ್ ನಂಬರ್, ಮನೆ ಎರಡೂ ಬದಲಾಯಿಸಬೇಕಾಯ್ತು. ಜ್ಯೂರಿ ಒಂದು ಲಕ್ಷ ಡಾಲರ್ ಪರಿಹಾರ ಕೊಡಿ ಅಂತು. ಆದ್ರೆ 1989ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟ್, ಸರ್ಕಾರವೇ ಬಿಟ್ಟುಕೊಟ್ಟ ನಿಜವಾದ ಮಾಹಿತಿಯನ್ನ ಕಾನೂನುಬದ್ಧವಾಗಿ ಪಡೆದು ಛಾಪಿಸಿದ್ದಕ್ಕೆ ಶಿಕ್ಷೆ ಹಾಕೋಕೆ ಆಗಲ್ಲ ಅಂತ ಆ ತೀರ್ಪನ್ನ ತಳ್ಳಿಹಾಕ್ತು. ಕಾನೂನು ಗೆದ್ದ ಮಾತ್ರಕ್ಕೆ ಆಕೆಗಾದ ಗತಿ ಬದಲಾಗಲಿಲ್ಲ.

ಈ ತೀರ್ಪು ಬಂದ್ಮೇಲೆ ಅಯೋವಾದ ಡೆ ಮೊಯ್ನ್ ರಿಜಿಸ್ಟರ್ ಪತ್ರಿಕೆಯ ಸಂಪಾದಕಿ ಜಿನೀವಾ ಓವರ್‌ಹೋಲ್ಸರ್, ಹೆಸರು ಮುಚ್ಚಿಡೋದ್ರಿಂದಾನೇ ಕಳಂಕ ಬೆಳೆಯುತ್ತೆ ಅಂತ ಬರೆದ್ರು. ಅದನ್ನ ಓದಿದ ನ್ಯಾನ್ಸಿ ಜೀಗನ್‌ಮೇಯರ್ ಅನ್ನೋ ಮಹಿಳೆ ತಾವಾಗೇ ಮುಂದೆ ಬಂದು ಹೆಸರು ಕೊಟ್ಟು ಕತೆ ಹೇಳಿದ್ರು, ಆ ಸರಣಿಗೆ 1991ರಲ್ಲಿ ಪುಲಿಟ್ಜರ್ ಬಂತು. ಅಂದ್ರೆ ಹೆಸರು ಹಾಕ್ಬೇಕಾ ಬೇಡ್ವಾ ಅನ್ನೋದಕ್ಕಿಂತ, ಆ ಹೆಸರು ಯಾರ ಕೈಲಿದೆ ಅನ್ನೋದೇ ಮುಖ್ಯ. ಭಾರತದಲ್ಲಿ ಉತ್ತರ ಇನ್ನೂ ಬಿಗಿ: ಅತ್ಯಾಚಾರದ ಸಂತ್ರಸ್ತೆ ತೀರಿಕೊಂಡಿದ್ರೂ, ಮನೆಯವರು ಒಪ್ಪಿದ್ರೂ, ಸಕ್ಷಮ ಪ್ರಾಧಿಕಾರ, ಅಂದ್ರೆ ಸದ್ಯಕ್ಕೆ ಸೆಷನ್ಸ್ ಜಡ್ಜ್, ಒಪ್ಪದೆ ಹೆಸರು ಹೊರಗೆ ಬರೋ ಹಾಗಿಲ್ಲ ಅಂತ 2018ರಲ್ಲಿ ನಿಪುಣ್ ಸಕ್ಸೇನಾ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೆಸರು ಬಿಟ್ರೂ ಗುರುತು ಸಿಗೋದು ಬೇರೆ ದಾರೀಲಿ. ಒಂದು ಪತ್ರಿಕೆ ಆರೋಪಿ ಹೆಸರು ಹಾಕುತ್ತೆ, ಸಂಬಂಧ ಬಿಡುತ್ತೆ. ಇನ್ನೊಂದು ಆರೋಪಿ ಹೆಸರು ಬಿಟ್ಟು, ಮಲತಂದೆಯಿಂದ ಹದಿಮೂರು ವರ್ಷದ ಹುಡುಗಿ ಮೇಲೆ ದೌರ್ಜನ್ಯ ಅನ್ನುತ್ತೆ. ಎರಡನ್ನೂ ಓದಿದ ಆ ಊರಿನವ್ರಿಗೆ ಹುಡುಗಿ ಯಾರು ಅಂತ ಸಲೀಸಾಗಿ ಗೊತ್ತಾಗುತ್ತೆ, ಇಬ್ಬರು ವರದಿಗಾರರೂ ನಾವು ನಿಯಮ ಪಾಲಿಸಿದ್ವಿ ಅಂತ ಆರಾಮಾಗಿರ್ತಾರೆ. ಅದಕ್ಕೇ ಡೆಸ್ಕ್‌ನಲ್ಲಿ ಕಾಪಿ ನೋಡೋರು ನಮ್ಮ ಪೇಪರಷ್ಟೇ ಅಲ್ಲ, ಬೇರೆಯವ್ರು ಏನ್ ಬಿಟ್ಟಿದಾರೆ ಅಂತಾನೂ ನೋಡ್ಕೋಬೇಕು.

ಮಕ್ಕಳ ವಿಷಯಕ್ಕೆ ಬಂದ್ರೆ ಬ್ರಿಟನ್ನಿನ ಸಂಪಾದಕರ ಸಂಹಿತೆ ಸ್ಪಷ್ಟವಾಗಿದೆ, ಹದಿನಾರರ ಒಳಗಿನ ಮಗುವಿನ ಹಿತಕ್ಕೆ ಸಂಬಂಧಿಸಿದ ವಿಷಯದಲ್ಲಿ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಇಲ್ಲದೆ ಸಂದರ್ಶನ ಮಾಡಬಾರದು. ಓದೋಕೆ ಸುಲಭ. ಆದ್ರೆ 2012ರಲ್ಲಿ ಅಮೆರಿಕಾದ ಸ್ಯಾಂಡಿ ಹುಕ್ ಶಾಲೆಯ ಗುಂಡಿನ ದಾಳಿ ಆದ ದಿನ, ಹೊರಗೆ ಬಂದ ಪುಟ್ಟ ಮಕ್ಕಳ ಮುಂದೆ ಮೈಕ್ ಹಿಡಿದಾಗ ಪಕ್ಕದಲ್ಲಿ ಪೋಷಕರೂ ಇದ್ರು, ಅವ್ರೂ ಶಾಕ್‌ನಲ್ಲಿ ಇದ್ರು. ಆ ಹೊತ್ತಿನ ಹೂಂ ಅನ್ನೋದನ್ನ ಒಪ್ಪಿಗೆ ಅಂತ ತಗೋಬೋದಾ? ನನ್ನ ಪ್ರಕಾರ ಇಲ್ಲ. ಜೊತೆಗೆ ಮಗು ದೊಡ್ಡವರ ಮುಖ ನೋಡಿ ಉತ್ತರ ಕೊಡುತ್ತೆ, ಅವನು ಗನ್ ಹಿಡ್ಕೊಂಡಿದ್ನಾ ಅಂತ ಕೇಳಿದ್ರೆ ಹೌದು ಅನ್ನುತ್ತೆ, ಅದನ್ನೇ ಎರಡು ಸಲ ಕೇಳಿದ್ರೆ ಮೊದಲ ಉತ್ತರ ತಪ್ಪೇನೋ ಅಂತ ಬದಲಾಯಿಸುತ್ತೆ. ಆಮೇಲೆ ಪೊಲೀಸರು ಹೇಳಿಕೆ ತಗೊಳೋವಾಗ ನೆನಪು ಯಾವುದು, ವರದಿಗಾರ ಹೇಳಿಕೊಟ್ಟಿದ್ದು ಯಾವುದು ಅಂತ ಬೇರ್ಪಡಿಸೋದು ಕಷ್ಟ, ಕೋರ್ಟಲ್ಲಿ ಸಾಕ್ಷಿ ಹಾಳಾಗೋದು ಹೀಗೇ.

ಇನ್ನೂ ಬಗೆಹರಿಯದ ಒಂದು ಗಂಟಿದೆ, ಪೋಷಕರೇ ಆರೋಪಿ ಆದಾಗ. ಹುಡುಗಿ ಮಾತಾಡೋಕೆ ರೆಡಿ ಇದಾಳೆ, ಒಪ್ಪಿಗೆ ಕೊಡಬೇಕಾದವನ ಮೇಲೇ ದೂರಿದೆ, ತಾಯಿ ಅವನ ಕಡೆ. ಮಾತಾಡಿಸದಿದ್ರೆ ಆಕೆ ಬಾಯಿ ಮತ್ತೆ ಮುಚ್ಚಿಸಿದ ಹಾಗಾಗುತ್ತೆ, ಮಾತಾಡಿಸಿದ್ರೆ ಕೇಸಿಗೂ ಅವಳಿಗೂ ಅಪಾಯ. ತಿಳಿದ ವರದಿಗಾರರು ಇಂಥಾ ಕಡೆ ಮಕ್ಕಳ ರಕ್ಷಣೆ ಅಧಿಕಾರಿಗಳನ್ನ, ಆಕೆ ವಕೀಲರನ್ನ ಮುಂದೆ ಇಟ್ಕೊಂಡು, ಕೋರ್ಟ್ ದಾಖಲೆಯಲ್ಲಿ ಪ್ರಕಟಿಸೋಕೆ ಅಡ್ಡಿ ಇಲ್ಲದ್ದು ಎಷ್ಟಿದೆಯೋ ಅಷ್ಟರಲ್ಲೇ ಸ್ಟೋರಿ ಮುಗಿಸ್ತಾರೆ, ಪಕ್ಕದ ಚಾನೆಲ್‌ನಲ್ಲಿ ಮುಖ ಬ್ಲರ್ ಮಾಡಿ ದನಿ ಹಾಗೇ ಬಿಟ್ಟ ಬೈಟ್ ಓಡ್ತಾ ಇದ್ರೂ.