ಮೇಲ್‌ನ ಸಬ್ಜೆಕ್ಟ್‌ನಲ್ಲಿ ‘ಬಗ್ಗೆ’ ಬೇಡ, ‘ಬೇಕು’ ಇರಲಿ

ಒಂದು ಶುಕ್ರವಾರ ಬೆಳಿಗ್ಗೆ 11:10ಕ್ಕೆ ನನಗೊಂದು ಮೇಲ್ ಬಂತು. ಅದನ್ನು ನಾನು ತೆರೆದು ಓದಿದ್ದು ಸಂಜೆ 5:30ಕ್ಕೆ. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು.

ನಾನಾಗ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಆಪರೇಷನ್ಸ್ ಮ್ಯಾನೇಜರ್. ಬೆಳಗಾವಿಯ ಗ್ರಾಹಕರಿಗೆ ಹೊರಟ ಗಾಡಿ ದಾವಣಗೆರೆ ಹತ್ತಿರ ನಿಂತುಬಿಟ್ಟಿತ್ತು. ಗೇರ್‌ಬಾಕ್ಸ್ ಹೋಗಿತ್ತು. ಶನಿವಾರ ಸಂಜೆಗೆ ಮುಂಚೆ ರಿಪೇರಿ ಆಗಲ್ಲ ಎಂದು ಮೆಕ್ಯಾನಿಕ್ ಹೇಳಿದ್ದ. ಆದರೆ ಮಾಲು ಶನಿವಾರ ಬೆಳಿಗ್ಗೆಯೇ ತಲುಪಬೇಕಿತ್ತು. ನಮ್ಮ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದ ಹುಡುಗ ಚುರುಕು. ಅರ್ಧ ಗಂಟೆಯಲ್ಲಿ ದಾವಣಗೆರೆಯಲ್ಲೇ ಬೇರೆ ಗಾಡಿ ಹುಡುಕಿದ. ಹೆಚ್ಚುವರಿ ಬಾಡಿಗೆ 14,000 ರೂಪಾಯಿ. ಮಧ್ಯಾಹ್ನ 1 ಗಂಟೆವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಲೋಡ್ ಹಿಡಿಯುತ್ತೇನೆ ಎಂದು ಗಾಡಿ ಮಾಲೀಕರು ಹೇಳಿದ್ದರು. ನಮ್ಮಲ್ಲಿ 10,000 ರೂಪಾಯಿ ದಾಟಿದ ಖರ್ಚಿಗೆ ನಾನು ಬರೆದು ಒಪ್ಪಿಗೆ ಕೊಡಬೇಕಿತ್ತು. ಇದೆಲ್ಲವೂ ಆ ಮೇಲ್‌ನಲ್ಲಿ ಇತ್ತು. ನಾಲ್ಕನೇ ಪ್ಯಾರಾದಲ್ಲಿ. ಸಬ್ಜೆಕ್ಟ್ ಮಾತ್ರ ಹೀಗಿತ್ತು:

```
Re: Re: Fwd: ಬೆಳಗಾವಿ ಡಿಸ್ಪ್ಯಾಚ್ ಬಗ್ಗೆ
```

ಆ ಹೊತ್ತಿಗೆ ನಾನು ಇನ್ನೊಬ್ಬ ಗ್ರಾಹಕರ ಆಡಿಟ್‌ನಲ್ಲಿ ಕೂತಿದ್ದೆ. ಮೇಜಿನ ಕೆಳಗೆ ಫೋನ್ ನೋಡಿದೆ. ಇದೇ ಸಬ್ಜೆಕ್ಟ್‌ನಲ್ಲಿ ಹಿಂದಿನ ವಾರವೆಲ್ಲ ಮೇಲ್‌ಗಳು ಓಡಾಡಿದ್ದವು. ಅದೇ ಹಳೇ ಮಾತು ಮುಂದುವರಿದಿದೆ ಅಂದುಕೊಂಡು ಫೋನ್ ಒಳಗಿಟ್ಟೆ. ಸಂಜೆ ಓದುವಾಗ ಗಾಡಿ ಬೇರೆ ಲೋಡ್ ತುಂಬಿಕೊಂಡು ಹೋಗಿತ್ತು. ನಮ್ಮ ಮಾಲು ಸೋಮವಾರ ತಲುಪಿತು.

ಮರುದಿನ ಇಬ್ಬರೂ ಕೂತು ಮಾತಾಡಿದೆವು. ಹುಡುಗನನ್ನು ಬೈಯುವ ವಿಷಯ ಇದಾಗಿರಲಿಲ್ಲ. ಅವನು ಹೇಳಬೇಕಾದ್ದನ್ನು ಹೇಳಿದ್ದ. ಆದರೆ ನನ್ನ ಕಣ್ಣಿಗೆ ಬಿದ್ದ ಆ ಒಂದೇ ಸಾಲಿನಲ್ಲಿ ಹೇಳಿರಲಿಲ್ಲ.

ಈ ‘ಬಗ್ಗೆ’ ಎಲ್ಲಿಂದ ಬಂತು ಅಂತ ಯೋಚಿಸಿದರೆ ನಮ್ಮ ಶಾಲೆ ನೆನಪಾಗುತ್ತದೆ. ಪತ್ರಲೇಖನದಲ್ಲಿ ‘ಮಾನ್ಯರೇ’ ಬರೆದ ಮೇಲೆ ‘ವಿಷಯ: ಮೂರು ದಿನಗಳ ರಜೆ ಕೋರುವ ಬಗ್ಗೆ’ ಎಂದು ಬರೆಯಲು ಕಲಿತಿದ್ದೇವೆ. ಸರ್ಕಾರಿ ಪತ್ರಗಳಲ್ಲೂ ಹಾಗೇ. ಇಂಗ್ಲಿಷ್‌ನಲ್ಲಿ ಬರೆಯುವವರೂ ಕೊನೆಗೆ `reg.` ಅಂತ ಸೇರಿಸುತ್ತಾರೆ, ಅದೂ ಇದೇ ‘ಬಗ್ಗೆ’. ಕಾಗದದ ಫೈಲಿಗೆ ಅದು ಸರಿಯಾಗಿತ್ತು. ಪತ್ರ ಯಾವ ಫೈಲಿಗೆ ಸೇರಬೇಕು ಎಂದು ತಿಳಿಸುವುದೇ ಆ ಸಾಲಿನ ಕೆಲಸ. ಮೇಜಿಗೆ ಬಂದ ಪತ್ರವನ್ನು ಯಾರಾದರೂ ಬಿಚ್ಚಿ ಓದಿಯೇ ಓದುತ್ತಾರೆ. ಮೇಲ್ ಹಾಗಲ್ಲ. ಅದನ್ನು ತೆರೆಯಬೇಕೋ, ಈಗಲೋ ಆಮೇಲೋ ಎಂಬುದನ್ನು ಮ್ಯಾನೇಜರ್ ತೀರ್ಮಾನಿಸುವುದೇ ಆ ಸಾಲನ್ನು ನೋಡಿ.

ಇನ್ನೊಂದು ತೊಡಕು ನಮ್ಮ ಭಾಷೆಯ ಜೋಡಣೆಯಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಬೆಳಗಾವಿ ಲೋಡ್‌ಗೆ ದಾವಣಗೆರೆಯಿಂದ ಬೇರೆ ಗಾಡಿ ಮಾಡಲು ಒಪ್ಪಿಗೆ ಬೇಕು’ ಎನ್ನುವುದು ಚೆಂದದ ವಾಕ್ಯ. ಆದರೆ ಫೋನ್‌ನ ಪರದೆ ಸಬ್ಜೆಕ್ಟ್ ಪೂರ್ತಿ ತೋರಿಸುವುದಿಲ್ಲ. ಇಂಗ್ಲಿಷ್‌ನಲ್ಲಾದರೆ ಸುಮಾರು 35–40 ಅಕ್ಷರ ಕಾಣುತ್ತದೆ. ಕನ್ನಡ ಲಿಪಿ ಅಗಲ, ಇನ್ನೂ ಕಡಿಮೆ ಕಾಣುತ್ತದೆ. ಆಗ ಮೊದಲು ಕತ್ತರಿಸಿ ಹೋಗುವುದೇ ಆ ‘ಒಪ್ಪಿಗೆ ಬೇಕು’. ಹಾಗಾಗಿ ಸಬ್ಜೆಕ್ಟ್‌ನಲ್ಲಿ ಮಾತ್ರ ವಾಕ್ಯವನ್ನು ತಿರುಗಿಸಬೇಕು. ಏನು ಬೇಕು ಎಂಬುದು ಮೊದಲು, ಎಷ್ಟು ಹೊತ್ತಿಗೆ ಎಂಬುದು ಆಮೇಲೆ, ಯಾವುದಕ್ಕೆ ಎಂಬುದು ಕೊನೆಗೆ.

ಅವತ್ತು ಹುಡುಗನಿಗೆ ‘ಅದೇ ಮೇಲ್‌ಗೆ ಇನ್ನೊಂದು ಸಬ್ಜೆಕ್ಟ್ ಬರಿ’ ಅಂದೆ. ಅವನು ಬರೆದದ್ದು:

```
ಅರ್ಜೆಂಟ್: ಬೆಳಗಾವಿ ಇ-ವೇ ಬಿಲ್ ಇವತ್ತು ಎಕ್ಸ್‌ಪೈರ್
```

ಮೊದಲಿನದಕ್ಕಿಂತ ಎಷ್ಟೋ ವಾಸಿ. ಇದನ್ನು ನೋಡಿದ್ದರೆ ನಾನು ಖಂಡಿತ ಮೇಲ್ ತೆರೆಯುತ್ತಿದ್ದೆ. ಆದರೂ ಇದರಲ್ಲಿ ಮೂರು ತೊಂದರೆ ಇದ್ದವು. ಮೂರೂ ನಾನು ದಿನಾ ನೋಡುವಂಥವು.

ಮೊದಲನೆಯದು, ಅವನು ಹಿಡಿದ ಗಡುವು ನನ್ನದಲ್ಲ. ಪೀಣ್ಯದಿಂದ ಬೆಳಗಾವಿಗೆ ಸುಮಾರು 500 ಕಿಲೋಮೀಟರ್. ಇ-ವೇ ಬಿಲ್ ಅಂದರೆ ಮಾಲು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆ. ಅದಕ್ಕೆ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕದಲ್ಲಿ ಮೂರು ದಿನ ಸಿಗುತ್ತದೆ. ಮಂಗಳವಾರ ಮಾಡಿದ ಬಿಲ್ ಶುಕ್ರವಾರ ಮಧ್ಯರಾತ್ರಿಗೆ ಮುಗಿಯುತ್ತಿತ್ತು, ನಿಜ. ಆದರೆ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆ ನಂತರದವರೆಗೆ ಅದನ್ನು ವಿಸ್ತರಿಸಬಹುದು. ಅಂದರೆ ಶುಕ್ರವಾರ ಸಂಜೆ 4ರಿಂದ ಶನಿವಾರ ಬೆಳಿಗ್ಗೆ 8ರವರೆಗೆ. ಆ ಕೆಲಸ ಟ್ರಾನ್ಸ್‌ಪೋರ್ಟರ್‌ದು. ನಾನು ಮಾಡಬೇಕಾದ್ದು ಅದಲ್ಲ. ನಾನು ಮಾಡಬೇಕಿದ್ದದ್ದು 14,000ಕ್ಕೆ ಹೂಂ ಅಥವಾ ಊಹೂಂ ಎನ್ನುವುದು, ಅದೂ 1 ಗಂಟೆಯೊಳಗೆ. ‘ಇ-ವೇ ಬಿಲ್ ಇವತ್ತು ಎಕ್ಸ್‌ಪೈರ್’ ಎಂದು ಓದಿದ್ದರೆ, ‘ಮಧ್ಯರಾತ್ರಿವರೆಗೆ ಟೈಮ್ ಇದೆ, ಆಡಿಟ್ ಮುಗಿಸಿ ನೋಡೋಣ’ ಅಂದುಕೊಳ್ಳುತ್ತಿದ್ದೆ. ಒಂದೇ ಘಟನೆಯಲ್ಲಿ ಎರಡು ಮೂರು ಗಡುವುಗಳು ಇರುತ್ತವೆ. ಮೇಲ್ ಓದುವವರು ಯಾವುದಕ್ಕೆ ಕೈ ಹಾಕಬೇಕೋ ಆ ಗಡುವು ಮಾತ್ರ ಸಬ್ಜೆಕ್ಟ್‌ಗೆ ಬರಲಿ. ಉಳಿದದ್ದು ಒಳಗಿರಲಿ.

ಎರಡನೆಯದು ‘ಅರ್ಜೆಂಟ್’. ಈ ಪದದಿಂದ ಗಾಬರಿ ಗೊತ್ತಾಗುತ್ತದೆ, ಸಮಯ ಗೊತ್ತಾಗುವುದಿಲ್ಲ. ಒಮ್ಮೆ ನನ್ನ ಇನ್‌ಬಾಕ್ಸ್‌ನಲ್ಲಿ ಈ ಪದವನ್ನು ಹುಡುಕಿ, ಬಂದ ಮೇಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಹೆಚ್ಚಿನವುಗಳಲ್ಲಿ ಯಾವಾಗ ಬೇಕು ಎಂದು ಒಳಗೂ ಬರೆದಿರಲಿಲ್ಲ. ಹೀಗೆ ಬರುತ್ತಾ ಬರುತ್ತಾ ಕಣ್ಣು ಆ ಪದವನ್ನು ದಾಟಿಕೊಂಡು ಹೋಗುವುದನ್ನು ಕಲಿಯುತ್ತದೆ. ‘ಶುಕ್ರ ಮ. 1ರೊಳಗೆ’ ಎಂದು ಬರೆದರೆ ಅರ್ಜೆಂಟ್ ಎಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯದು ಸಣ್ಣದು, ಆದರೆ ಬಹಳ ಜನ ಎಡವುತ್ತಾರೆ: ‘ಇವತ್ತು’. ಕಳಿಸಿದವರ ಇವತ್ತು ಓದುವವರಿಗೆ ನಿನ್ನೆ ಆಗಿರಬಹುದು. ಫಾರ್ವರ್ಡ್ ಆದರಂತೂ ಕೇಳಲೇಬೇಡಿ. ವಾರದ ಹೆಸರು ಅಥವಾ ತಾರೀಖು ಹಾಕಿ.

ಕೊನೆಗೆ ಇಬ್ಬರೂ ಸೇರಿ ಬರೆದದ್ದು ಇದು:

```
ಒಪ್ಪಿಗೆ ಬೇಕು, ಶುಕ್ರ ಮ. 1ರೊಳಗೆ: ಬೆಳಗಾವಿ ಲೋಡ್‌ಗೆ ಬೇರೆ ಗಾಡಿ, ₹14,000
```

ಫೋನ್‌ನಲ್ಲಿ ‘ಬೆಳಗಾವಿ’ ಹತ್ತಿರ ಎಲ್ಲೋ ತುಂಡಾಗುತ್ತದೆ. ಆಗಲಿ. ಅಷ್ಟರಲ್ಲಿ ನನ್ನಿಂದ ಏನು ಬೇಕು, ಯಾವಾಗ ಬೇಕು ಎಂದು ತಿಳಿದಿರುತ್ತದೆ. ಮೇಲ್‌ನ ಮೊದಲ ಸಾಲಿನಲ್ಲಿ ಕಾರಣ ಬರಬೇಕು: ‘1 ಗಂಟೆ ದಾಟಿದರೆ ಈ ಗಾಡಿ ಬೇರೆ ಲೋಡ್‌ಗೆ ಹೋಗುತ್ತದೆ, ಮಾಲು ಸೋಮವಾರ ತಲುಪುತ್ತದೆ.’ ಉತ್ತರ ಕೊಡದಿದ್ದರೆ ಏನಾಗುತ್ತದೆ ಎಂದು ಗೊತ್ತಿದ್ದರೆ ಮ್ಯಾನೇಜರ್ ಆಡಿಟ್‌ನಿಂದ ಎದ್ದು ಹೊರಗೆ ಬಂದಾದರೂ ಉತ್ತರಿಸುತ್ತಾರೆ.

ಬರೆದಾದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, ‘ಸರ್, ನಿಮಗೆ ನಾನು ಟೈಮ್ ಹಾಕೋದು ಸರಿ ಅನ್ನಿಸಲಿಲ್ಲ’ ಅಂದ.

ಅಸಲಿ ಕಾರಣ ಇದು. ದೊಡ್ಡವರಿಗೆ ‘1 ಗಂಟೆಯೊಳಗೆ’ ಎಂದರೆ ಅಪ್ಪಣೆ ಕೊಟ್ಟಂತಾಗುತ್ತದೆ ಎಂಬ ಸಂಕೋಚ. ‘ಬಗ್ಗೆ’ ಎನ್ನುವುದು ಆ ಸಂಕೋಚಕ್ಕೆ ಒಳ್ಳೆಯ ಮರೆ. ನಾನು ಹೇಳಿದೆ: ‘ಆ ಟೈಮ್ ನೀನು ಹಾಕಿದ್ದಲ್ಲಪ್ಪ, ಗಾಡಿಯವರು ಹಾಕಿದ್ದು. ನೀನು ನನಗೆ ತಿಳಿಸ್ತಿದ್ದೀಯ ಅಷ್ಟೆ.’ ಗಡುವು ಎಲ್ಲಿಂದ ಬಂತು ಎಂದು ಮೊದಲ ಸಾಲಿನಲ್ಲೇ ಹೇಳಿದರೆ ಅದು ಯಾರಿಗೂ ಅಧಿಕಪ್ರಸಂಗ ಅನ್ನಿಸುವುದಿಲ್ಲ. ‘ದಯವಿಟ್ಟು’ ಕೂಡ ಅಲ್ಲೇ ಇರಲಿ. ಸಬ್ಜೆಕ್ಟ್‌ನ ಮೊದಲ ಜಾಗವನ್ನು ಅದಕ್ಕೆ ಕೊಟ್ಟರೆ ಬೇಕಾದ ಮಾತು ಪರದೆಯಿಂದ ಹೊರಗೆ ಹೋಗುತ್ತದೆ. ‘ಒಪ್ಪಿಗೆ ಕೊಡಿ’ ಎನ್ನುವುದಕ್ಕಿಂತ ‘ಒಪ್ಪಿಗೆ ಬೇಕು’ ಎನ್ನುವುದೇ ಮೆತ್ತಗೆ ಕೇಳಿಸುತ್ತದೆ, ಅಲ್ವಾ?

ಆಮೇಲೆ ನಮ್ಮ ವಿಭಾಗದಲ್ಲಿ ನಾಲ್ಕೇ ಮಾತುಗಳನ್ನು ಇಟ್ಟುಕೊಂಡೆವು. ಒಪ್ಪಿಗೆ ಬೇಕು, ಉತ್ತರ ಬೇಕು, ಸಹಿ ಬೇಕು, ಮಾಹಿತಿಗೆ ಮಾತ್ರ. ಇವುಗಳಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಕೊನೆಯದು. ‘ಮಾಹಿತಿಗೆ ಮಾತ್ರ: ಬೆಳಗಾವಿ ಲೋಡ್ ತಲುಪಿದೆ’ ಎಂದಿದ್ದರೆ ಅದನ್ನು ತೆರೆಯಲೇಬೇಕಿಲ್ಲ. ಅಂಥವು ಪಕ್ಕಕ್ಕೆ ಸರಿದರೆ ‘ಬೇಕು’ ಎನ್ನುವ ಮೇಲ್‌ಗಳು ತಾವಾಗೇ ಎದ್ದು ಕಾಣುತ್ತವೆ. ಒಂದು ಎಚ್ಚರಿಕೆ: ಒಳಗೆಲ್ಲೋ ಒಂದು ಪ್ರಶ್ನೆ ಇಟ್ಟು ಮೇಲೆ ‘ಮಾಹಿತಿಗೆ ಮಾತ್ರ’ ಎಂದು ಬರೆಯಬಾರದು. ಎರಡು ಸಲ ಹಾಗಾದರೆ ಆ ಮಾತನ್ನು ಯಾರೂ ನಂಬುವುದಿಲ್ಲ.

ಹಳೇ ಮೇಲ್‌ಗೆ ಉತ್ತರ ಒತ್ತಿ ಹೊಸ ವಿಷಯ ಬರೆಯುವ ಅಭ್ಯಾಸವನ್ನೂ ಬಿಟ್ಟೆವು. ವಿಳಾಸಗಳು ತುಂಬಿಯೇ ಇರುತ್ತವೆ, ಅದಕ್ಕೇ ಎಲ್ಲರೂ ಹಾಗೆ ಮಾಡುತ್ತಾರೆ. ಆದರೆ ಹೊಸ ಮಾತು ಹಳೇ ಸಬ್ಜೆಕ್ಟ್‌ನ ಹಿಂದೆ ಮುಚ್ಚಿಹೋಗುತ್ತದೆ. ನನಗೆ ಆದದ್ದೂ ಅದೇ. ಹಳೇ ಮೇಲ್ ಜೊತೆಗಿರಲೇಬೇಕು ಎಂದಿದ್ದರೆ ಉತ್ತರಿಸುವಾಗ ಸಬ್ಜೆಕ್ಟ್ ಅಳಿಸಿ ಹೊಸದು ಬರೆಯಿರಿ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾದರೆ ಅದು ಬೇರೆ ಮಾತುಕತೆಯಾಗಿ ಮೇಲೆ ಬಂದು ನಿಲ್ಲುತ್ತದೆ. ಇಲ್ಲಿ ನಮಗೆ ಬೇಕಾಗಿರುವುದೂ ಅದೇ. ಅದೇ ವಿಷಯ ಮುಂದುವರಿಯುತ್ತಿದ್ದರೆ ಮಾತ್ರ ಸಬ್ಜೆಕ್ಟ್ ಮುಟ್ಟಬೇಡಿ. ಇಲ್ಲದಿದ್ದರೆ ಒಂದೇ ಲೋಡ್‌ನ ಕತೆ ನಾಲ್ಕು ಕಡೆ ಚೆದುರುತ್ತದೆ.

ಕೆಲವು ವಿಷಯಗಳನ್ನು ಆ ಸಾಲಿನಲ್ಲಿ ಬರೆಯಲೇಬಾರದು. ಫೋನ್ ಲಾಕ್ ಆಗಿದ್ದಾಗಲೂ ಸಬ್ಜೆಕ್ಟ್ ಪರದೆ ಮೇಲೆ ಮೂಡಬಹುದು. ಮೀಟಿಂಗ್‌ನಲ್ಲಿ ಪ್ರೊಜೆಕ್ಟರ್ ಮೇಲೂ ಮೂಡುತ್ತದೆ. ಒಬ್ಬರ ಸಂಬಳ, ಕಾಯಿಲೆ, ಶಿಸ್ತುಕ್ರಮ ಇವೆಲ್ಲ ಒಳಗಿರಲಿ. ‘ಸಹಿ ಬೇಕು, ಬುಧ ಸಂಜೆ 5ರೊಳಗೆ: ಎಚ್‌ಆರ್ ಪತ್ರ’ ಎಂದರೆ ಸಾಕು.

ಸಬ್ಜೆಕ್ಟ್ ಎಷ್ಟೇ ಚೆನ್ನಾಗಿದ್ದರೂ ಅದನ್ನೇ ನಂಬಿ ಕೂರಬಾರದ ಹೊತ್ತೂ ಇದೆ. ಎರಡು ಗಂಟೆಯೊಳಗೆ ಉತ್ತರ ಬೇಕಿದ್ದರೆ ಮೊದಲು ಫೋನ್ ಮಾಡಿ. ಎತ್ತದಿದ್ದರೆ ‘ಮೇಲ್ ನೋಡಿ ಸರ್, 1 ಗಂಟೆ ಗಡುವು’ ಎಂದು ಮೆಸೇಜ್ ಹಾಕಿ. ಅವತ್ತು ನಮ್ಮ ಹತ್ತಿರ ಎರಡು ಗಂಟೆಗೂ ಕಡಿಮೆ ಇತ್ತು. ಆದರೂ ಮೇಲ್ ಬೇಕೇ ಬೇಕಿತ್ತು, ಯಾಕೆಂದರೆ ಅಕೌಂಟ್ಸ್‌ನವರು ಕೇಳುವುದು ಬರೆದ ಒಪ್ಪಿಗೆಯನ್ನು.

ಇದನ್ನು ರೂಢಿ ಮಾಡಿಕೊಳ್ಳುವಾಗ ನಾವು ಕೆಲವು ದಿನ ಹೀಗೆ ಮಾಡಿದೆವು. ಮೇಲ್ ಪೂರ್ತಿ ಬರೆದ ಮೇಲೆಯೇ ಸಬ್ಜೆಕ್ಟ್ ಬರೆಯುವುದು, ಯಾಕೆಂದರೆ ಏನು ಬೇಕು ಎಂದು ನಮಗೇ ಸ್ಪಷ್ಟವಾಗುವುದು ಆಗ. ಬರೆದದ್ದನ್ನು ಮೊದಲು ನಮಗೇ ಕಳಿಸಿಕೊಂಡು, ಫೋನ್‌ನಲ್ಲಿ ಎಲ್ಲಿ ತುಂಡಾಗುತ್ತದೆ ಎಂದು ನೋಡುವುದು. ತುಂಡಾದ ಜಾಗಕ್ಕೆ ಮುಂಚೆ ‘ಬೇಕು’ ಮತ್ತು ಸಮಯ ಎರಡೂ ಕಂಡರೆ ಕಳಿಸುವುದು.