ಎಳೆದದ್ದು ಹನ್ನೊಂದರಲ್ಲಿ, ತಪ್ಪಿದ್ದು ಏಳರಲ್ಲಿ

"ಶುರು ಚೆನ್ನಾಗಿದೆ, ಕೊನೆಯೂ ಚೆನ್ನಾಗಿದೆ. ನಡುವೆ ಸ್ವಲ್ಪ ಎಳೀತು." ಹಸ್ತಪ್ರತಿ ಓದಿದ ಸ್ನೇಹಿತರು ಹೀಗಂದ ಕೂಡಲೇ ಲೇಖಕರು ಕತ್ತರಿ ಕೈಗೆತ್ತಿಕೊಳ್ಳುತ್ತಾರೆ. ಸದ್ಯಕ್ಕೆ ಒಂದು ಸಾಲನ್ನೂ ತೆಗೆಯಬೇಡಿ ಎನ್ನುವುದು ನನ್ನ ಮೊದಲ ವಿನಂತಿ. ಬೇಸರ ಬಂದ ಪುಟವನ್ನು ಓದುಗರು ಸರಿಯಾಗಿಯೇ ತೋರಿಸುತ್ತಾರೆ. ಆದರೆ ಬೇಸರದ ಕಾರಣ ಆ ಪುಟದಲ್ಲೇ ಸಿಗುವುದು ಅಪರೂಪ.

ಈಚೆಗೆ ನಾನು ತಿದ್ದಿದ ಒಂದು ಹಸ್ತಪ್ರತಿಯನ್ನೇ ತೆಗೆದುಕೊಳ್ಳಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಲೆನಾಡಿನ ಅಡಿಕೆ ತೋಟ, ಇಬ್ಬರು ಅಣ್ಣಂದಿರು, ಅಪ್ಪನ ಆಸ್ತಿಯಲ್ಲಿ ಪಾಲು ಕೇಳಲು ಊರಿಗೆ ಮರಳುವ ತಂಗಿ ವಸುಧಾ. ಒಟ್ಟು 24 ಅಧ್ಯಾಯ. ಏಳನೆಯದರಲ್ಲಿ ಅವಳು ಕೋರ್ಟಿನಲ್ಲಿ ದಾವೆ ಹಾಕುತ್ತಾಳೆ, ಹದಿನೈದರಲ್ಲಿ ಅಪ್ಪನ ಉಯಿಲು ಸಿಗುತ್ತದೆ. ಓದಿದ ಮೂವರೂ ಹನ್ನೊಂದನೇ ಅಧ್ಯಾಯದ ಜಾತ್ರೆಯನ್ನೇ ದೂರಿದ್ದರು.

ಎರಡನೇ ಓದಿಗೆ ನಾನು ಒಂದು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು ಕೂರುತ್ತೇನೆ. ಪ್ರತಿ ದೃಶ್ಯಕ್ಕೂ ಒಂದೊಂದು ಸಾಲು. ಏನಾಯಿತು, ಮುಖ್ಯ ಪಾತ್ರ ತಾನಾಗಿ ಏನು ಮಾಡಿತು, ದೃಶ್ಯ ಮುಗಿದಾಗ ಹಿಂದಕ್ಕೆ ತರಲಾಗದಂತೆ ಏನು ಬದಲಾಯಿತು ಎಂದು ಮೂರು ಕಾಲಂ. ಭಾಷೆ, ವರ್ಣನೆ, ಸಂಭಾಷಣೆಯ ಸೊಗಸು ಯಾವುದನ್ನೂ ಅಲ್ಲಿ ಬರೆಯುವುದಿಲ್ಲ. ಚೆಂದದ ಗದ್ಯ ನಮ್ಮಂಥವರ ಕಣ್ಣಿಗೂ ಮಣ್ಣೆರಚುತ್ತದೆ.

ವಸುಧಾಳ ಕತೆಯಲ್ಲಿ ಏಳನೇ ಅಧ್ಯಾಯದವರೆಗೆ ಮೂರೂ ಕಾಲಂ ತುಂಬಿದ್ದವು. ಆಮೇಲಿನ ಸಾಲುಗಳು ಹೀಗಿದ್ದವು:

ಎಂಟು: ದೊಡ್ಡಣ್ಣ ತೋಟ ಅಡವಿಟ್ಟ ಹಳೆಯ ಕತೆ, ಅವನ ನೆನಪಿನಲ್ಲಿ. ವಸುಧಾ ಇಲ್ಲ.
ಒಂಬತ್ತು: ವಾಯಿದೆ ಮುಂದಕ್ಕೆ ಹೋಯಿತು. ವಸುಧಾ ಕಾದಳು.
ಹತ್ತು: ಅಜ್ಜಿಯ ಬಾಲ್ಯ.
ಹನ್ನೊಂದು: ಜಾತ್ರೆ. ವಸುಧಾ ನೋಡಿದಳು, ನೆನೆದಳು.
ಹನ್ನೆರಡು: ಮತ್ತೆ ವಾಯಿದೆ.

ಮೂರನೇ ಕಾಲಂ ಉದ್ದಕ್ಕೂ ಖಾಲಿ. ಒಂದೆರಡು ದೃಶ್ಯ ಖಾಲಿ ಹೋದರೆ ಓದುಗ ಸಹಿಸಿಕೊಳ್ಳುತ್ತಾನೆ, ಅದು ಉಸಿರಾಡುವ ಜಾಗ. ಸಾಲಾಗಿ ಐದು ಖಾಲಿ ಬಿದ್ದರೆ ಪುಸ್ತಕ ಮಡಚಿಡುತ್ತಾನೆ. ಈ ಸಾಲುಗಳ ನಡುವೆ ಯಾವ ಪದ ಹೊಂದುತ್ತದೆ ಎಂದೂ ನೋಡುತ್ತೇನೆ. ಮೊದಲ ಏಳರ ನಡುವೆ "ಹಾಗಾಗಿ", "ಆದರೆ" ಕೂರುತ್ತಿದ್ದವು. ಎಂಟರಿಂದಾಚೆ "ಆಮೇಲೆ" ಬಿಟ್ಟು ಬೇರೇನೂ ಕೂರಲಿಲ್ಲ. ಒಂಬತ್ತು ಮತ್ತು ಹನ್ನೆರಡನ್ನು ಅದಲುಬದಲು ಮಾಡಿದರೂ ಕತೆಗೆ ಗೊತ್ತಾಗುತ್ತಿರಲಿಲ್ಲ.

ಕಾರಣ ಎರಡಿತ್ತು. ದಾವೆ ಹಾಕಿದ ಕ್ಷಣದಲ್ಲೇ ವಸುಧಾ ಕತೆಯ ಚುಕ್ಕಾಣಿಯನ್ನು ಕೋರ್ಟಿಗೆ ಒಪ್ಪಿಸಿಬಿಟ್ಟಿದ್ದಳು. ಅಲ್ಲಿಂದ ಮುಂದೆ ಅವಳಿಗೆ ಕಾಯುವುದೊಂದೇ ಕೆಲಸ. ನಿಜ ಜೀವನದಲ್ಲಿ ಸಿವಿಲ್ ಕೇಸು ಹಾಗೇ ನಡೆಯುತ್ತದೆ ಎಂದು ಲೇಖಕಿ ವಾದಿಸಿದರು. ಸರಿಯೇ, ಆದರೆ ಕಾಯುವವರೂ ಸುಮ್ಮನೆ ಕೂತಿರುವುದಿಲ್ಲವಲ್ಲ: ಬೇಲಿ ಹಾಕುತ್ತಾರೆ, ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ಒಲಿಸಿಕೊಳ್ಳುತ್ತಾರೆ, ಫಸಲು ಯಾರ ಅಂಗಳಕ್ಕೆ ಹೋಗಬೇಕೆಂದು ಜಗಳ ತೆಗೆಯುತ್ತಾರೆ. ಎರಡನೆಯದು, ಅಣ್ಣ ಪಾಲು ಕೊಡಲು ಯಾಕೆ ಒಪ್ಪುತ್ತಿಲ್ಲ ಎಂಬ ಪ್ರಶ್ನೆಯೇ ಓದುಗನನ್ನು ಅಲ್ಲಿಯವರೆಗೆ ಎಳೆದು ತಂದಿತ್ತು. ಎಂಟನೇ ಅಧ್ಯಾಯ ಅದಕ್ಕೆ ಪುಕ್ಕಟೆಯಾಗಿ ಉತ್ತರ ಕೊಟ್ಟು, ಹೊಸ ಪ್ರಶ್ನೆ ಎತ್ತದೆ ಮುಗಿದಿತ್ತು.

ಜಾತ್ರೆಗೆ ಹನ್ನೊಂದು ಪುಟ. ಅದನ್ನು ನಾಲ್ಕಕ್ಕೆ ಇಳಿಸಿದ್ದರೆ ಬೇಸರ ಹನ್ನೆರಡನೇ ಅಧ್ಯಾಯಕ್ಕೆ ದಾಟುತ್ತಿತ್ತು, ಅಷ್ಟೇ. ಬದಲಿಗೆ ಎಂಟನೇ ಅಧ್ಯಾಯವನ್ನು ಅಲ್ಲಿಂದ ಎತ್ತಿದೆವು. ಈಗ ಜಾತ್ರೆಯ ದಿನ ಚಿಕ್ಕಣ್ಣ ತೇರಿನ ಗದ್ದಲದಲ್ಲಿ ಅವಳನ್ನು ಪಕ್ಕಕ್ಕೆ ಕರೆದು, "ಕೇಸು ವಾಪಸ್ ತಗೋ ತಂಗಿ, ನನ್ನ ಪಾಲಲ್ಲಿ ಅರ್ಧ ಕೊಡ್ತೀನಿ" ಅನ್ನುತ್ತಾನೆ. ಅವಳು ಒಪ್ಪುತ್ತಾಳೆ. ಸಹಿ ಹಾಕಲು ಕೂತಾಗ, ಆ ಅರ್ಧ ಆಗಲೇ ಅಡವಿನಲ್ಲಿದೆ ಎಂದು ಗೊತ್ತಾಗುತ್ತದೆ. ಹಳೆಯ ಮಾಹಿತಿಯೇ, ಆದರೆ ಈ ಸಲ ಅವಳು ತೆಗೆದುಕೊಂಡ ನಿರ್ಧಾರವೇ ಅದನ್ನು ಹೊರಗೆಳೆಯಿತು. ಜಾತ್ರೆ ಎರಡು ಪುಟ ಬೆಳೆಯಿತು. ಹೊಸಬರೊಬ್ಬರು ಓದಿದರು, ಉದ್ದವಾಯಿತು ಎನ್ನಲಿಲ್ಲ. ವಾಯಿದೆಯ ಎರಡು ಅಧ್ಯಾಯಗಳು ಸೇರಿ ಒಂದು ಪ್ಯಾರಾ ಆದವು.

ಎಲ್ಲ ಕಾದಂಬರಿಗೂ ಈ ನೋಟ್‌ಬುಕ್ ಒಗ್ಗುವುದಿಲ್ಲ. ನಿರೂಪಕನ ದನಿಯೇ ಓದಿಸಿಕೊಂಡು ಹೋಗುವ ಕೃತಿಯಲ್ಲಿ ಮೂರನೇ ಕಾಲಂ ಖಾಲಿ ಇದ್ದರೂ ನಡೆಯುತ್ತದೆ. ಅಂಥಲ್ಲಿ ಆ ದನಿ ಎಲ್ಲಿ ತನ್ನನ್ನೇ ಪುನರಾವರ್ತಿಸುತ್ತಿದೆ ಎಂದು ಹುಡುಕುತ್ತೇನೆ. ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದದ್ದರ ರೋಗ ಇನ್ನೊಂದು ಬಗೆಯದು: ಪ್ರತಿ ಕಂತಿನ ಕೊನೆಗೊಂದು ಬಾಗಿಲು ಬಡಿಯುವ ಸದ್ದು, ಮುಂದಿನ ಕಂತಿನಲ್ಲಿ ನೋಡಿದರೆ ಹಾಲಿನವನು.

"ಸಾರ್, ಅಜ್ಜಿಯನ್ನ ಮಾತ್ರ ತೆಗೀಬೇಡಿ" ಎಂದಿದ್ದರು ಲೇಖಕಿ. ತೆಗೆಯಲಿಲ್ಲ. ಅಜ್ಜಿಯ ಬಾಲ್ಯ ಈಗ ಹದಿನಾರರಲ್ಲಿದೆ, ಉಯಿಲು ಸಿಕ್ಕ ಮೇಲೆ. ಅದರಲ್ಲಿ ಸಾಕ್ಷಿಯಾಗಿ ಅಜ್ಜಿಯ ಹೆಬ್ಬೆಟ್ಟಿದೆ.