ಊಟ ಬಿಟ್ಟರೆ ಮೆದುಳು ಏನು ತಿಂದು ಬದುಕುತ್ತದೆ?

"ಸರ್, ಮೆದುಳಿಗೆ ಗ್ಲೂಕೋಸ್ ಬಿಟ್ಟು ಬೇರೇನೂ ಆಗಲ್ವಂತೆ. ಹಾಗಾದ್ರೆ ವಾರಗಟ್ಟಲೆ ಉಪವಾಸ ಕೂತವರು ಬದುಕೋದು ಹೇಗೆ?"

ಶಿವರಾತ್ರಿ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮತ್ತೆ ಕೇಳಿದವರಿಗೆ ಇದನ್ನೇ ತೋರಿಸಿ.

ಮೊದಲ ದಿನದ ಕಥೆ ಸಣ್ಣದು. ಊಟ ಅರಗಿದ ಮೇಲೆ ರಕ್ತಕ್ಕೆ ಗ್ಲೂಕೋಸ್ ಬಿಡುವುದು ಲಿವರ್. ಅದರಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್, ಅಂದರೆ ಕೂಡಿಟ್ಟ ಗ್ಲೂಕೋಸ್, ಇರುತ್ತದೆ. ಸ್ನಾಯುಗಳಲ್ಲಿ ಇನ್ನೂ ಜಾಸ್ತಿ ಇದೆ, ಆದರೆ ಅದನ್ನು ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಸ್ನಾಯುವಿಗಿಲ್ಲ. ಅದೇನಿದ್ದರೂ ಅದರ ಸ್ವಂತ ಖರ್ಚಿಗೆ. ಲಿವರ್‌ನ ದಾಸ್ತಾನು ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನಕ್ಕೆ ಖಾಲಿ. ಶಿವರಾತ್ರಿ ಉಪವಾಸ ಅಷ್ಟರೊಳಗೆ ಮುಗಿದಿರುತ್ತದೆ.

ಈಗ ಆ "ಗ್ಲೂಕೋಸ್ ಬಿಟ್ಟು ಬೇರೇನೂ ಆಗಲ್ಲ" ಎಂಬ ಮಾತಿಗೆ ಬರೋಣ. ಅದು ನಿಜ ಎಂದೇ ಇಟ್ಟುಕೊಂಡು ಲೆಕ್ಕ ಹಾಕಿ. ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಕೊಬ್ಬಿನಿಂದ ಮಾಡಿಕೊಳ್ಳಬಹುದಲ್ಲ ಅನ್ನಬೇಡಿ. ಕೊಬ್ಬಿನಾಮ್ಲ ಒಡೆದರೆ ಸಿಗುವುದು ಅಸಿಟೈಲ್ ಕೋಎ. ಅಲ್ಲಿಂದ ಗ್ಲೂಕೋಸ್ ಕಡೆಗೆ ಹೋಗಲು ನಮ್ಮ ದೇಹದಲ್ಲಿ ಹೇಳಿಕೊಳ್ಳುವಂಥ ದಾರಿಯೇ ಇಲ್ಲ. ಕೊಬ್ಬಿನ ಜೊತೆಗಿರುವ ಗ್ಲಿಸರಾಲ್‌ನಿಂದ ಹೆಚ್ಚುಕಡಿಮೆ 20 ಗ್ರಾಂ ಹುಟ್ಟೀತು. ಉಳಿದ 100 ಗ್ರಾಂ ಪ್ರೋಟೀನ್‌ನಿಂದಲೇ ಬರಬೇಕು. ಅದಕ್ಕೆ ಸುಮಾರು 175 ಗ್ರಾಂ ಪ್ರೋಟೀನ್ ಕರಗಬೇಕು. ಸ್ನಾಯುವಿನಲ್ಲಿ ಪ್ರೋಟೀನ್ ಐದರಲ್ಲೊಂದು ಪಾಲು, ಉಳಿದದ್ದು ಬಹುಪಾಲು ನೀರು. ಅಂದರೆ ದಿನಕ್ಕೆ ಮುಕ್ಕಾಲು ಕಿಲೋಗಿಂತ ಹೆಚ್ಚು ಸ್ನಾಯು ಹೋಯಿತು! ಮೂರು ವಾರಕ್ಕೆ ಹದಿನೇಳು ಹದಿನೆಂಟು ಕಿಲೋ. ಅಷ್ಟರಲ್ಲಿ ಉಸಿರೆಳೆಯುವ ಸ್ನಾಯುವಿಗೂ ತ್ರಾಣ ಇರುವುದಿಲ್ಲ.

ಆದರೆ 1981ರಲ್ಲಿ ಉತ್ತರ ಐರ್ಲೆಂಡಿನ ಮೇಜ್ ಜೈಲಿನಲ್ಲಿ ಉಪವಾಸ ಕೂತ ಬಾಬಿ ಸ್ಯಾಂಡ್ಸ್ ತೀರಿಕೊಂಡದ್ದು 66ನೇ ದಿನ. ನಂಬಿಕೆಯೇ ನಿಜವಾಗಿದ್ದರೆ ಇಷ್ಟು ದಿನ ಬದುಕುವುದು ಸಾಧ್ಯವೇ ಇರಲಿಲ್ಲ, ಅಲ್ವಾ?

ಉತ್ತರ ಸಿಕ್ಕಿದ್ದು 1967ರಲ್ಲಿ, ಬೋಸ್ಟನ್‌ನಲ್ಲಿ. ಓವೆನ್, ಕ್ಯಾಹಿಲ್ ಮತ್ತು ಸಂಗಡಿಗರು ಐದಾರು ವಾರ ಆಸ್ಪತ್ರೆಯಲ್ಲೇ ಉಪವಾಸವಿದ್ದ ಮೂವರು ಸ್ಥೂಲಕಾಯದವರನ್ನು ಪರೀಕ್ಷಿಸಿದರು. ಅಪಧಮನಿಯ ರಕ್ತವನ್ನೂ, ಮೆದುಳಿನಿಂದ ಕತ್ತಿನ ಅಭಿಧಮನಿಗೆ ಇಳಿದು ಬರುವ ರಕ್ತವನ್ನೂ ತೆಗೆದು, ಎರಡರ ನಡುವೆ ಏನು ಕಡಿಮೆಯಾಗಿದೆ ಎಂದು ಅಳೆದರು. ಮೆದುಳು ಗ್ಲೂಕೋಸ್‌ಗಿಂತ ಹೆಚ್ಚಾಗಿ, ಕೊಬ್ಬಿನಿಂದ ಲಿವರ್ ಮಾಡುವ ಕೀಟೋನ್‌ಗಳನ್ನೇ ಸುಡುತ್ತಿತ್ತು. ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು.

ಇದು ಹೇಗೆ ಎಂದರೆ, ಊಟವಿಲ್ಲದೆ ಇನ್ಸುಲಿನ್ ಇಳಿಯುತ್ತದೆ, ಕೊಬ್ಬು ಕರಗುತ್ತದೆ. ಕೊಬ್ಬಿನಾಮ್ಲ ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡೇ ಓಡಾಡುವುದರಿಂದ ಮೆದುಳಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಲಿವರ್ ಅದನ್ನು ಚಿಕ್ಕ, ನೀರಲ್ಲಿ ಕರಗುವ ಕೀಟೋನ್ ಮಾಡಿ ಕಳಿಸುತ್ತದೆ. ತಮಾಷೆ ಎಂದರೆ ಲಿವರ್‌ಗೇ ಅದನ್ನು ಸುಡಲು ಬರುವುದಿಲ್ಲ. ಅಡುಗೆಯವರು ತಾವು ಉಣ್ಣದೆ ಬಡಿಸಿದ ಹಾಗೆ. ಎರಡು ಮೂರನೇ ದಿನದಿಂದ ಕೀಟೋನ್ ಏರತೊಡಗಿ, ಕೆಲವು ವಾರಗಳಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆಗ ಮೆದುಳಿಗೆ ಬೇಕಾದ ಗ್ಲೂಕೋಸ್ ದಿನಕ್ಕೆ ಸುಮಾರು 40 ಗ್ರಾಂಗೆ ಇಳಿಯುತ್ತದೆ. ಶುರುವಿನಲ್ಲಿ ದಿನಕ್ಕೆ ಸುಮಾರು 75 ಗ್ರಾಂ ಕರಗುತ್ತಿದ್ದ ಪ್ರೋಟೀನ್ 20ರ ಆಸುಪಾಸಿಗೆ ಬರುತ್ತದೆ. ಪ್ರೋಟೀನ್ ಕರಗಿದಾಗ ಮೂತ್ರದಲ್ಲಿ ಹೋಗುವ ನೈಟ್ರೋಜನ್ ಅಳೆದರೆ ಈ ಇಳಿಕೆ ಎದ್ದು ಕಾಣುತ್ತದೆ.

ಹಾಗಂತ ಗ್ಲೂಕೋಸ್ ಬೇಡವೇ ಬೇಡ ಎಂದಲ್ಲ. ಕೆಂಪು ರಕ್ತಕಣಕ್ಕೆ ಕೊನೆತನಕ ಅದೇ ಗತಿ. ಇನ್ನು, ಮೂತ್ರದ ಪಟ್ಟಿಯ ಬಣ್ಣ ನೋಡಿ ಕೀಟೋನ್ ಎಷ್ಟಿದೆ ಎಂದು ಹೇಳುವವರಿಗೆ ಒಂದು ಮಾತು: ಆ ಪಟ್ಟಿ ತೋರಿಸುವುದು ಮುಖ್ಯವಾಗಿ ಅಸಿಟೋಅಸಿಟೇಟ್ ಎಂಬ ಒಂದು ಕೀಟೋನನ್ನು. ಉಪವಾಸದಲ್ಲಿ ಜಾಸ್ತಿ ಇರುವ ಇನ್ನೊಂದು ಕೀಟೋನ್, ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್, ಅದಕ್ಕೆ ಕಾಣುವುದೇ ಇಲ್ಲ.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಇಷ್ಟು ದಿನ ಉಪವಾಸ ಇದ್ದವರಿಗೆ ಪಾಪ ಎಂದು ಹೊಟ್ಟೆ ತುಂಬ ಅನ್ನ, ಪಾಯಸ ಬಡಿಸಿದರೆ ಏನಾಗುತ್ತದೆ? ಇನ್ಸುಲಿನ್ ಒಮ್ಮೆಗೇ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಜೀವಕೋಶಗಳ ಒಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದರೆ ಸುಸ್ತು, ಉಸಿರಾಟದ ತೊಂದರೆ, ಹೃದಯದ ಬಡಿತದಲ್ಲಿ ಏರುಪೇರು, ಜೀವವೇ ಹೋಗಬಹುದು. ಅದಕ್ಕೇ ಡಾಕ್ಟರುಗಳು ಮೊದಲು ಥಯಾಮಿನ್ ಎಂಬ ಬಿ1 ವಿಟಮಿನ್ ಕೊಟ್ಟು, ಕೆ.ಜಿ.ಗೆ ದಿನಕ್ಕೆ 10 ಕ್ಯಾಲೊರಿ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡುತ್ತಾರೆ. 50 ಕೆ.ಜಿ. ತೂಕದವರಿಗೆ ಮೊದಲ ದಿನ ಇಡೀ ದಿನಕ್ಕೆ ಹೆಚ್ಚೆಂದರೆ 500 ಕ್ಯಾಲೊರಿ, ಜೊತೆಗೆ ದಿನವೂ ಫಾಸ್ಫೇಟ್ ಪರೀಕ್ಷೆ.